ಎಂಬತ್ತೇ ಜನರ ಆರತಕ್ಷತೆ

ಮಗಳ ಆರತಕ್ಷತೆಗೆ ಎಂಬತ್ತೇ ಜನ ಎಂದು ಹಟ ಹಿಡಿದಿದ್ದ ಅಪ್ಪ, ಹೆಂಡತಿಯೊಡನೆ ಕೇಟರಿಂಗ್‌ನ ಅಮ್ಮನ ಎದುರು ಕೂತಿದ್ದರು. ಸೂಪು, ಎರಡು ಬಗೆಯ ಅನ್ನ, ಎರಡು ಸಿಹಿ, ಐಸ್‌ಕ್ರೀಮು ಎಲ್ಲ ಒಪ್ಪಿಗೆಯಾಗಿತ್ತು. ಕಾಲುಭಾಗ ಹಣ ಈಗ, ಅರ್ಧ ಒಂದು ವಾರ ಮೊದಲು, ಉಳಿದದ್ದು ಊಟವಾದ ಮೇಲೆ.

"ಎಂಟು ಜನ ಜಾಸ್ತಿ ಬಂದ್ರೂ ಅದೇ ರೇಟು. ಅದಕ್ಕಿಂತ ಮೇಲೆ ತಲೆಗೆ ಒಂದೂವರೆ ಪಟ್ಟು. ಕಮ್ಮಿ ಬಂದ್ರೆ ಎಂಬತ್ತರ ದುಡ್ಡೇ ಕೊಡ್ಬೇಕು," ಎಂದರು ಆಕೆ.

"ಒಂದು ನೊಣಾನೂ ಜಾಸ್ತಿ ಬರಲ್ಲ," ಎಂದು ಅಪ್ಪ ಪೆನ್ನು ತೆಗೆದರು.

ಅಷ್ಟರಲ್ಲಿ ಹೆಂಡತಿಯ ಫೋನು ಬಡಿದುಕೊಂಡಿತು. ಆಕೆ ಎತ್ತಿದವಳೇ ಅಂದಳು, "ಅಕ್ಕಾ, ನಿಮ್ಮನ್ನ ಬಿಟ್ಟು ಮಾಡ್ತೀವಾ? ಮನೆಮಂದಿಯೆಲ್ಲ ಬರ್ಬೇಕು. ಅಳಿಯಂದಿರ ಮನೆಯೋರನ್ನೂ ಕರ್ಕೊಂಡು ಬನ್ನಿ!"

ಅಪ್ಪನ ಪೆನ್ನು ಗಾಳಿಯಲ್ಲೇ ನಿಂತಿತು. "ಎಷ್ಟು ಜನಾನೇ ಅವ್ರು?"

"ಹದಿನಾಲ್ಕೋ ಹದಿನೈದೋ. ಬೇಡ ಅನ್ನೋಕಾಗುತ್ತಾ?"

ಕೇಟರಿಂಗ್‌ನ ಅಮ್ಮ ನಗು ನುಂಗಿಕೊಂಡು ನೀರಿನ ಲೋಟ ಮುಂದಿಟ್ಟರು. ಅಪ್ಪ ಗಟಗಟ ಕುಡಿದರು.

"ಎರಡು ಸಿಹೀಲಿ ಒಂದು ತೆಗೆದುಹಾಕಿ. ನೂರು ಅಂತ ಬರೀರಿ," ಎಂದು ಮುಂಗಡ ಎಣಿಸಿಕೊಟ್ಟರು.

ಬಾಗಿಲ ಬಳಿ ಹೆಂಡತಿ ತಿರುಗಿ, "ಅಮ್ಮಾ, ನಿಮ್ಮ ಯಜಮಾನ್ರನ್ನೂ ಮಕ್ಕಳನ್ನೂ ಕರ್ಕೊಂಡು ಬರ್ಬೇಕು," ಎಂದಳು.