ಬಾಗಿಲ ಮೇಲಿನ ಪಟ್ಟಿ

ಉಜ್ವಲಾ ಪೈಪು ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಳು. ಚಿಕ್ಕೋಡಿಯ ಶಾಲೆಯಲ್ಲಿ ದಿನವಿಡೀ ಭೂಗೋಳ ಪಾಠ ಹೇಳಿ ಬಂದ ಕಾಲುಗಳು ನೋಯುತ್ತಿದ್ದವು. ಭೋಜ ಊರಿನಲ್ಲಿ ಕಟ್ಟುತ್ತಿದ್ದ ಈ ಮನೆಯ ಇಟ್ಟಿಗೆ ಗೋಡೆ ಬಾಗಿಲ ಎತ್ತರಕ್ಕೆ ಬಂದಿತ್ತು. ಅಲ್ಲಿ, ಭೂಕಂಪವಾದರೆ ಗೋಡೆಗಳನ್ನೆಲ್ಲ ಬಿಗಿದು ಹಿಡಿಯುವ ಕಾಂಕ್ರೀಟ್ ಪಟ್ಟಿ ಮನೆಯ ಸುತ್ತ ಬರಬೇಕಿತ್ತು. ಗಂಡ ಭರತ, ಗೋಡೆ ಕಟ್ಟುವ ಗೌಂಡಿ ಮಾಳಸಿದ್ದ ಇಬ್ಬರೂ ಸೇರಿ ಅದನ್ನು ಕೈಬಿಟ್ಟಿದ್ದರು.

“ಬಾಗಲಾ, ಕಿಡಕಿ ಮ್ಯಾಲಷ್ಟ ಹಾಕಿದ್ರ ಸಾಕ್ರಿ ಅಕ್ಕಾರ. ನಮ್ಮದು ಕರಿಕಲ್ಲಿನ ನೆಲ, ಅಲುಗಾಡೂದಿಲ್ಲ,” ಎಂದ ಮಾಳಸಿದ್ದ.

“ಭೂಕಂಪ ಆಗೂದು ಹಿಮಾಲಯದಾಗಲ್ಲೇನ ಟೀಚರಬಾಯಿ? ನೀನ ಪಾಠಾ ಹೇಳ್ತಿ,” ಎಂದು ಭರತ ನಕ್ಕ.

“ಅಲ್ಲಿ ಜಾಸ್ತಿರಿ. ನಮ್ಮ ಭೂಫಲಕ ಉತ್ತರಕ್ಕ ಸರದು ಅಲ್ಲಿ ಇನ್ನೊಂದು ಫಲಕಕ್ಕ ಒತ್ತಾಕತ್ತೈತಿ. ಆ ಒತ್ತಡ ಫಲಕದ ನಡುವಿಗೂ ಬರತೈತಿ. ಹಳೇ ಬಿರುಕು ಇದ್ದಲ್ಲಿ ವರ್ಷಾನಗಟ್ಟಲೆ ಕೂಡಿ, ಒಮ್ಮೆ ಬಂಡೆ ಜಾರತೈತಿ. ಅಪರೂಪ, ಖರೆ. ಮಹಾರಾಷ್ಟ್ರದಾಗ ಭೂಕಂಪ ಆದ ಕಿಲ್ಲಾರಿ ಏನ ಹಿಮಾಲಯದಾಗ ಇತ್ತೇನ್ರಿ? ಅಲ್ಲೂ ಕರಿಕಲ್ಲ. ಮಂದಿ ಸತ್ತದ್ದು ತಮ್ಮ ಮನಿ ಗೋಡಿ ಬಿದ್ದು.”

“ನಾಳೆ ಇಟ್ಟಿಗಿ ಏರಸು ಮಾಳಸಿದ್ದ,” ಎಂದ ಭರತ.

ಉಜ್ವಲಾ ನೀರು ನಿಲ್ಲಿಸಿದಳು. ತರಗತಿಯಲ್ಲಿ, ಮನೆಯಲ್ಲಿ ಅದೇ ಮಾತು ಹೇಳಿ ಹೇಳಿ ದಣಿದಿದ್ದಳು. ಮಗಳು ಪ್ರಾಜಕ್ತಾ ಮಲಗಬೇಕಾದದ್ದು ಇದೇ ಗೋಡೆಯ ಬುಡದಲ್ಲಿ. ನಾಳೆ ಶಾಲೆಗೆ ಹೋಗುವುದಿಲ್ಲ, ಗೌಂಡಿಗಿಂತ ಮೊದಲೇ ಬಂದು ಇಟ್ಟಿಗೆ ರಾಶಿಯ ಮೇಲೆ ಕೂರುವೆ, ಪಟ್ಟಿಗೆ ಕಬ್ಬಿಣದ ಸರಳು ಕಟ್ಟುವವರು ಬರುವತನಕ ಏಳುವುದಿಲ್ಲ ಎಂದುಕೊಂಡಳು.

“ಏನ ವಿಚಾರ ಮಾಡಾಕತ್ತಿ?” ಎಂದ ಭರತ.

“ಚಹಾ ಮಾಡಬೇಕು,” ಎಂದು ಅವಳು ಪೈಪು ಸುತ್ತತೊಡಗಿದಳು.