ಹತ್ತಿದ ದಿನ, ಇಳಿದ ದಿನ

ಫಿಟ್ಟರನ ಹತ್ತಿರ ರೆಸ್ಯೂಮೆ ಇರಲಿಲ್ಲ. ಹದಿನಾಲ್ಕು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ಒಡೆದ ಪೈಪಿಗೆ ವೆಲ್ಡಿಂಗ್ ಮಾಡಿಕೊಂಡು ಬಂದವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಒಂದೇ ಕಂಪನಿ. ರಜೆ ಮುಗಿಯುವ ಹೊತ್ತಿಗೆ ಅವರೇ ಫೋನ್ ಮಾಡುತ್ತಿದ್ದರು, ಇವನು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದ. ಕಳೆದ ವರ್ಷ ಕಂಪನಿ ಹಡಗುಗಳನ್ನೆಲ್ಲ ಮಾರಿ ಬಾಗಿಲು ಹಾಕಿತು. ನಲವತ್ತೆಂಟನೇ ವಯಸ್ಸಿನಲ್ಲಿ ಅವನು ತಾನು ಯಾರು ಎಂದು ಕಾಗದದ ಮೇಲೆ ಹೇಳಬೇಕಾಯಿತು.

ಬರೆದವಳು ಹೆಂಡತಿ. ಅವಳು ಸೊಸೈಟಿಯೊಂದರಲ್ಲಿ ಗುಮಾಸ್ತೆ, ಟೈಪಿಂಗ್ ಬರುತ್ತಿತ್ತು, ಇಂಗ್ಲಿಷೂ ಬರುತ್ತಿತ್ತು. ಸರ್ಟಿಫಿಕೇಟುಗಳನ್ನು ನಂಬರು, ಕೊಟ್ಟ ಊರು, ಕೊಟ್ಟ ದಿನ, ಮುಗಿಯುವ ದಿನ ಸಹಿತ ಸಾಲಾಗಿ ಜೋಡಿಸಿದಳು. ಸುರಕ್ಷತಾ ತರಬೇತಿ, ಟ್ಯಾಂಕರ್ ತರಬೇತಿ, ಮೆಡಿಕಲ್, ಯಾವುದೂ ಬಿಡಲಿಲ್ಲ. ಕೊನೆಗೆ 'ಮಿತಭಾಷಿ, ಕಷ್ಟಜೀವಿ' ಎಂದೂ ಸೇರಿಸಿದಳು.

"ಮಿತಭಾಷಿ ಯಾಕೇ?" ಎಂದ ಫಿಟ್ಟರ್.

"ನಿಮ್ಮ ಜೊತೆ ಇಪ್ಪತ್ತು ವರ್ಷ ಬಾಳಿದ್ದೀನಿ ರೀ. ಅಷ್ಟು ಹೇಳೋ ಹಕ್ಕು ನನಗಿದೆ."

ಆ ರೆಸ್ಯೂಮೆ, ಹಡಗಿನ ಡಿಸ್ಚಾರ್ಜ್ ಬುಕ್ಕಿನ ನಕಲಿನೊಂದಿಗೆ, ಆರು ತಿಂಗಳಲ್ಲಿ ಒಂಬತ್ತು ಏಜೆನ್ಸಿಗಳಿಗೆ ಹೋಯಿತು. ಒಬ್ಬರೂ ಕರೆಯಲಿಲ್ಲ. ಆರನೇ ತಿಂಗಳಿಗೆ ಫಿಟ್ಟರ್ ಪಕ್ಕದ ಗ್ಯಾರೇಜಿನವನನ್ನು ಕೆಲಸ ಕೇಳಿದ. ಗ್ಯಾರೇಜಿನವನು, "ಅಣ್ಣಾ, ನಿನ್ನ ವೆಲ್ಡಿಂಗಿಗೆ ನನ್ನ ಸ್ಕೂಟರು ಸಣ್ಣದಾಯ್ತು" ಎಂದು ನಕ್ಕು ತನ್ನ ಕೆಲಸಕ್ಕೆ ತಿರುಗಿದ.

ಹತ್ತನೇ ಏಜೆನ್ಸಿಯಿಂದ ಫೋನ್ ಬಂತು. ಡಿಸ್ಚಾರ್ಜ್ ಬುಕ್ಕು, ಎಲ್ಲ ಅಸಲು ಕಾಗದ ತೆಗೆದುಕೊಂಡು ಬನ್ನಿ ಎಂದರು. ಅಸಲು ಕಾಗದಗಳ ಚೀಲವನ್ನು ಬೇರೆಯವರ ಕೈಗೆ ಕೊಡದ ಹೆಂಡತಿ ತಾನೂ ರಜೆ ಹಾಕಿ ಹೊರಟಳು.

ಕಚೇರಿ ಎರಡನೇ ಮಹಡಿಯಲ್ಲಿತ್ತು. ಹೊರಗಿನ ಬೆಂಚಿನಲ್ಲಿ ಏಳೆಂಟು ಗಂಡಸರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದರು. ಒಳಗೆ ಕೂತಿದ್ದ ಅಧಿಕಾರಿಗೆ ಅವರೆಲ್ಲ ಇಟ್ಟ ಹೆಸರು ಲೆನ್ಸ್ ಮೇಡಂ. ಕ್ಯಾಪ್ಟನ್ನರ ಸಹಿ, ಹಡಗಿನ ಮೊಹರು, ಎಲ್ಲವನ್ನೂ ಆಕೆ ಭೂತಗನ್ನಡಿ ಹಿಡಿದು ನೋಡುತ್ತಿದ್ದರು.

ಫಿಟ್ಟರ್ ಒಬ್ಬನೇ ಒಳಗೆ ಹೋದ. ಮೇಡಂ ರೆಸ್ಯೂಮೆಯನ್ನು ಎಡಕ್ಕೆ, ಡಿಸ್ಚಾರ್ಜ್ ಬುಕ್ಕನ್ನು ಬಲಕ್ಕೆ ಇಟ್ಟರು. ನಾವಿಕನ ಜಾತಕ ಆ ಬುಕ್ಕು. ಯಾವ ಹಡಗು, ಯಾವ ಹುದ್ದೆ, ಯಾವ ದಿನ ಯಾವ ಬಂದರಿನಲ್ಲಿ ಹತ್ತಿದ, ಯಾವ ದಿನ ಎಲ್ಲಿ ಇಳಿದ ಎನ್ನುವುದೆಲ್ಲ ಕ್ಯಾಪ್ಟನ್ನನ ಸಹಿಯೊಂದಿಗೆ ಅದರಲ್ಲಿರುತ್ತದೆ.

"ಮಾರ್ಚ್ ಎರಡಕ್ಕೆ ಹತ್ತಿದೆ ಅಂತ ಬರೆದಿದ್ದೀರಿ. ಬುಕ್ಕಲ್ಲಿ ಮಾರ್ಚ್ ಒಂಬತ್ತು. ನವೆಂಬರ್ ಇಪ್ಪತ್ತಾರಕ್ಕೆ ಇಳಿದೆ ಅಂತೀರಿ. ಬುಕ್ಕಲ್ಲಿ ಹದಿನಾಲ್ಕು."

ಫಿಟ್ಟರ್ ಬಗ್ಗಿ ನೋಡಿದ. ಹೌದು.

"ಮುಂದಿನ ಹಡಗೂ ಹಾಗೇ. ಅದರ ಮುಂದಿನದೂ ಹಾಗೇ. ಹನ್ನೊಂದು ಹಡಗಿನಲ್ಲಿ ಒಂದಾದರೂ ತಾಳೆ ಆಗಬೇಡವೇ? ನಮ್ಮ ಕಡೆ ಇದಕ್ಕೆ ಏನಂತಾರೆ ಗೊತ್ತಾ? ಸರ್ವಿಸ್ ಉಬ್ಬಿಸೋದು. ಇಂಥ ಫೈಲನ್ನ ಯಾರೂ ವಾಪಸ್ ಫೋನ್ ಮಾಡಿ ಕೇಳಲ್ಲ, ಪಕ್ಕಕ್ಕೆ ಇಡ್ತಾರೆ."

ಒಂಬತ್ತು ಏಜೆನ್ಸಿಗಳು ಯಾಕೆ ಸುಮ್ಮನಾದವು ಎಂದು ಫಿಟ್ಟರನಿಗೆ ಆಗ ತಿಳಿಯಿತು. ಹೆಂಡತಿ ಬರೆದದ್ದು ಎನ್ನಲು ಬಾಯಿ ತೆರೆದ, ಆದರೆ ಕೆಳಗಿನ ಸಹಿ ತನ್ನದು. ಓದದೆ ಹಾಕಿದ ಸಹಿ.

"ತಪ್ಪು ನಂದೇ ಮೇಡಂ. ಆದರೆ ಸುಳ್ಳು ಹೇಳಿಲ್ಲ."

"ಟೈಪ್ ಮಾಡಿದ್ದು ಯಾರು?"

"ಮನೆಯವಳು. ಹೊರಗೆ ಕೂತಿದ್ದಾಳೆ."

"ಕರೀರಿ."

ಅವಳು ಚೀಲ ಅಪ್ಪಿಕೊಂಡೇ ಬಂದಳು. ಪ್ರಶ್ನೆ ಕೇಳಿ ಗಾಬರಿಯಾಗಲಿಲ್ಲ, ಬದಲಿಗೆ ರೇಗಿದಳು. "ಒಂದು ದಿನವೂ ಹೆಚ್ಚಿಲ್ಲ ಮೇಡಂ! ಇವರು ಮನೆ ಬಿಟ್ಟ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕ್ತೀನಿ, ವಾಪಸ್ ಬಂದ ದಿನಕ್ಕೆ ನೀಲಿ. ಹದಿನಾಲ್ಕು ವರ್ಷದ ಕ್ಯಾಲೆಂಡರ್ ಇದೆ. ಆ ಕ್ಯಾಪ್ಟನ್ನುಗಳ ಅಕ್ಷರ ಕೋಳಿ ಕೆದರಿದ ಹಾಗಿದೆ, ಅದನ್ನ ಯಾರು ಓದ್ತಾರೆ? ಇದೇ ಸ್ಪಷ್ಟ ಅಂತ ಇದನ್ನೇ ಹಾಕಿದೆ."

ಮೇಡಂ ಭೂತಗನ್ನಡಿ ಕೆಳಗಿಟ್ಟರು. ಮೊದಲು ತುಟಿ ಬಿಗಿಹಿಡಿದರು, ತಡೆಯಲಾಗದೆ ನಕ್ಕುಬಿಟ್ಟರು.

"ಇದು ಮೋಸ ಅಲ್ಲವೇನೋ ಅನ್ನಿಸಿಯೇ ಕರೆಸಿದೆ. ಕಳ್ಳಲೆಕ್ಕ ಬರೆಯೋರು ಬೇಕಾದ ಹಡಗಿಗೆ ಮಾತ್ರ ದಿನ ಸೇರಿಸ್ತಾರೆ. ನೀವು ಎಲ್ಲಾ ಹಡಗಿಗೂ ಎರಡೂ ತುದಿಗೆ ಸೇರಿಸಿದ್ದೀರಿ. ಅಮ್ಮಾ, ನೀವು ಎಣಿಸಿದ್ದು ಇವರು ಮನೇಲಿ ಇಲ್ಲದ ದಿನ. ನಮಗೆ ಬೇಕಾದ್ದು ಹಡಗಿನಲ್ಲಿದ್ದ ದಿನ."

ಹೆಂಡತಿಯ ಮುಖ ಇಳಿಯಿತು. "ನನ್ನಿಂದ ಆರು ತಿಂಗಳು ಹಾಳಾಯ್ತಲ್ಲ ರೀ."

"ನಾನು ಒಂದು ಸಲ ಓದಿದ್ದರೆ ಆಗ್ತಿರಲಿಲ್ಲ" ಎಂದ ಫಿಟ್ಟರ್. ಹದಿನಾಲ್ಕು ವರ್ಷ ತನ್ನನ್ನು ಸುತ್ತು ಹಾಕಿ ಎಣಿಸಿದವಳ ಮೇಲೆ ರೇಗುವುದು ಹೇಗೆ ಎಂದು ಅವನಿಗೆ ತೋಚಲಿಲ್ಲ.

ಮೇಡಂ ಗಡಿಯಾರ ನೋಡಿದರು. "ತೈಲ ಟ್ಯಾಂಕರಿಗೆ ಒಬ್ಬ ಫಿಟ್ಟರ್ ಬೇಕು. ನಾಲ್ಕು ಗಂಟೆಗೆ ಟ್ಯಾಂಕರ್ ಕಂಪನಿಗೆ ಪಟ್ಟಿ ಹೋಗುತ್ತೆ. ಟ್ಯಾಂಕರಿನಲ್ಲಿ ಫಿಟ್ಟರ್ ಆಗಿಯೇ ಇಪ್ಪತ್ತನಾಲ್ಕು ತಿಂಗಳು ಆಗಿರಬೇಕು, ಒಂದು ದಿನ ಕಮ್ಮಿ ಇದ್ದರೂ ಒಪ್ಪಲ್ಲ. ಮೂಲೆಯಲ್ಲಿ ಕಂಪ್ಯೂಟರ್ ಇದೆ. ಬುಕ್ಕಿನಂತೆ ಬರೀರಿ. ಆಮೇಲೆ ಆ ಮಿತಭಾಷಿ ತೆಗೀರಿ, ಎಂಜಿನ್ನಿಗೆ ಅದರಿಂದ ಏನೂ ಆಗಬೇಕಾಗಿಲ್ಲ."

ಎರಡೂಕಾಲು ಆಗಿತ್ತು. ಭೂತಗನ್ನಡಿಯನ್ನೂ ಅವರೇ ಕೈಗಿಟ್ಟರು.

ಫಿಟ್ಟರ್ ಬುಕ್ಕು ಓದಿದ, ಹೆಂಡತಿ ಟೈಪ್ ಮಾಡಿದಳು. ಇತ್ತೀಚಿನ ಹಡಗು ಮೊದಲು. ಹೆಸರು, ನೋಂದಾದ ದೇಶದ ಬಾವುಟ, ಟನ್ನು, ಎಂಜಿನ್ನಿನ ಶಕ್ತಿ, ಹುದ್ದೆ, ಹತ್ತಿದ ದಿನ, ಇಳಿದ ದಿನ. ಹಡಗಿನ ಬಗೆ ಎಂಬ ಕಾಲಮ್ಮಿನಲ್ಲಿ ಅವಳು ಮೊದಲು ಎಲ್ಲಕ್ಕೂ 'ಕಾರ್ಗೋ' ಎಂದು ಬರೆದಿದ್ದಳು. ಈಗ ಮುಚ್ಚಿಹೋದ ಕಂಪನಿಯ ಸೇವಾಪತ್ರ ನೋಡಿ, ಹಳೆಯ ಎಂಟಕ್ಕೆ ಧಾನ್ಯ, ಕಲ್ಲಿದ್ದಲು ಸಾಗಿಸುವ ಬಲ್ಕ್ ಕ್ಯಾರಿಯರ್ ಎಂದೂ ಕೊನೆಯ ಮೂರಕ್ಕೆ ತೈಲ ಟ್ಯಾಂಕರ್ ಎಂದೂ ಬರೆದರು. ಬೇಕಾದ ಇಪ್ಪತ್ತನಾಲ್ಕು ತಿಂಗಳು ಆ ಮೂರರಲ್ಲೇ ಸಿಗಬೇಕಿತ್ತು.

ಅವಳು ಕೂಡಿದಳು. ಎಂಟು ತಿಂಗಳು ಆರು ದಿನ. ಏಳು ತಿಂಗಳು ಹನ್ನೆರಡು ದಿನ. ಎಂಟು ತಿಂಗಳು ಹದಿನೆಂಟು ದಿನ. ಕ್ಯಾಲೆಂಡರಿನಂತೆ ಇಪ್ಪತ್ತಾರು ತಿಂಗಳು ಏಳು ದಿನ ಇದ್ದದ್ದು ಅರವತ್ತೊಂದು ದಿನ ಕರಗಿತ್ತು.

"ಎಷ್ಟಾಯ್ತೇ?"

"ಸುಮ್ನಿರಿ. ಮತ್ತೊಮ್ಮೆ ಕೂಡ್ತೀನಿ."

ಮೂರು ಸಲ ಕೂಡಿದಳು. "ಇಪ್ಪತ್ತನಾಲ್ಕು ತಿಂಗಳು, ಆರು ದಿನ."

ಫಿಟ್ಟರ್ ಕುರ್ಚಿಗೆ ಒರಗಿದ. ಆ ಮೂರರಲ್ಲಿ ಎರಡನೇ ಹಡಗಿನಲ್ಲಿ ಹೊಟ್ಟೆನೋವೆಂದು ವಾರ ಮೊದಲೇ ಇಳಿಯಲು ಹೊರಟಿದ್ದ. ಗುಳಿಗೆ ಕೊಟ್ಟು, ಬೈದು ಉಳಿಸಿಕೊಂಡ ಆ ಮುಂಗೋಪಿ ಚೀಫ್ ಎಂಜಿನಿಯರನಿಗೆ ಮನಸ್ಸಿನಲ್ಲೇ ಕೈ ಮುಗಿದ.

ಮೂರೂ ಐವತ್ತಕ್ಕೆ ಮೇಡಂ ಪ್ರತಿ ಸಾಲಿನ ಮೇಲೂ ಬೆರಳಾಡಿಸಿದರು. ಎಲ್ಲ ತಾಳೆಯಾಯಿತು.

"ನೀವು ಕೇಳದೆ ಇದ್ದಿದ್ದರೆ..." ಎಂದು ಫಿಟ್ಟರ್ ಶುರು ಮಾಡಿದ. ಅಲ್ಲಿಗೇ ನಿಲ್ಲಿಸಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ.

"ಮಿತಭಾಷಿ ಅಂತ ಬರೆದದ್ದು ಸುಳ್ಳಲ್ಲ ಬಿಡಿ" ಎಂದರು ಮೇಡಂ.

ಟ್ಯಾಂಕರ್ ಕಂಪನಿಯ ಎಂಜಿನಿಯರು ಶುಕ್ರವಾರ ಫೋನಿನಲ್ಲಿ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಸೋಮವಾರ ಕೆಲಸ ಖಾತ್ರಿಯಾಯಿತು. ಫಿಟ್ಟರ್ ಎರಡು ಮಹಡಿ ಹತ್ತಿ ಹೋಗಿ, ಬೆಂಚಿನ ಗಂಡಸರೆಲ್ಲ ನೋಡುತ್ತಿದ್ದಂತೆ, ಮೇಡಂಗೆ ಬರೀ ಕೈ ಮುಗಿದು ಬಂದ.

ಅಂದು ಸಂಜೆ ಹೆಂಡತಿ ಹಳೆಯ ಕ್ಯಾಲೆಂಡರುಗಳನ್ನು ನೆಲದ ಮೇಲೆ ಹರಡಿ, ಪಕ್ಕದಲ್ಲಿ ಬುಕ್ಕು ತೆರೆದು ಕೂತಳು. ಬಂದರಿನ ಹೋಟೆಲಿನಲ್ಲಿ ಹಡಗು ಕಾಯುತ್ತಾ ಕಳೆದ ದಿನಗಳು, ವಿಮಾನ ಸಿಗದೆ ಉಳಿದ ದಿನಗಳು, ಬಸ್ಸು, ರೈಲು. ಹಡಗಿನವರು ಲೆಕ್ಕಕ್ಕೆ ಹಿಡಿಯದ, ಮನೆಯವರಿಗೂ ದಕ್ಕದ ದಿನಗಳು.

"ಎಷ್ಟು?" ಎಂದು ಫಿಟ್ಟರ್ ಪಕ್ಕದಲ್ಲಿ ಕೂತ.

ಅವಳು ಕೊನೆಯ ಸಾಲು ಕೂಡಿ ಪೆನ್ನು ಮುಚ್ಚಿದಳು.

"ಹನ್ನೊಂದು ಹಡಗಿಗೆ ಇನ್ನೂರ ಹದಿನಾಲ್ಕು ದಿನ."