ಸೋಪಿನ ಹುಬ್ಬು

ವಿಲ್ಫ್ ಆಕ್‌ರಾಯ್ಡ್ ಮೂವತ್ತು ಚಳಿಗಾಲ ಹೆಂಗಸಿನ ವೇಷ ಕಟ್ಟಿ ಬ್ರಾಡ್‌ಫರ್ಡಿನ ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದವನು. ವರ್ಷವೆಲ್ಲ ಗಿರಣಿಯಲ್ಲಿ ಉಣ್ಣೆ ವಿಂಗಡಿಸುತ್ತಿದ್ದ. ಕ್ರಿಸ್‌ಮಸ್ ಬಂತೆಂದರೆ ನಾಟಕದ ಮುದಿ ಅಡುಗೆಯವಳು ಅವನೇ. ಆ ವೇಷಕ್ಕೊಂದು ಕಟ್ಟುಪಾಡಿತ್ತು. ಲಂಗ ಎಷ್ಟೇ ಉದ್ದವಿರಲಿ, ಅದರ ಕೆಳಗೆ ಗಂಡಸಿನ ದಪ್ಪ ಬೂಟು ಕಾಣಲೇಬೇಕು. ಬೂಟು ಕಂಡರೆ ಜನ ನಗುತ್ತಾರೆ. ಕಾಣದಿದ್ದರೆ ಏನು ಮಾಡುತ್ತಾರೋ ವಿಲ್ಫ್‌ಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಹಾಗಾಗಿ ಎಪ್ಪತ್ಮೂರರ ಮಾರ್ಚ್ ತಿಂಗಳ ಆ ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಕನ್ನಡಿಯೆದುರು ಮಗ ಡೆಸ್ಮಂಡ್ ಕ್ಷೌರದ ಕತ್ತಿಯನ್ನು ಹುಬ್ಬಿನ ಮೇಲಿಟ್ಟಾಗ ವಿಲ್ಫ್ ಗಾಬರಿಯಿಂದ ಕೂಗಿದ.

"ಏನೋ ಮಾಡ್ತಿದ್ದೀಯ?"

"ಹುಬ್ಬು ತೆಗೀತಿದ್ದೀನಪ್ಪ. ವೀನಸ್ ಡ್ರೇಕ್‌ಗೆ ಹುಬ್ಬಿಲ್ಲ."

ಈ ವೀನಸ್ ಡ್ರೇಕ್ ಎಂಬುದು ಡೆಸ್ಮಂಡ್ ತಾನೇ ಹುಟ್ಟಿಸಿಕೊಂಡ ಜೀವ. ಯಾವುದೋ ನಕ್ಷತ್ರದಿಂದ ಬಿದ್ದದ್ದು, ಗಂಡೂ ಅಲ್ಲ ಹೆಣ್ಣೂ ಅಲ್ಲ. ಹಾಡಲು ವೇದಿಕೆ ಹತ್ತಿದ ಮೇಲೆ ಡೆಸ್ಮಂಡ್ ಎಂದು ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಯಾರ್ಕ್‌ಶೈರಿನ ಒರಟು ಉಚ್ಚಾರವನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತದೆ. ಹಿಂದಿನ ಬೇಸಿಗೆಯಿಂದ ಟೀವಿಯಲ್ಲಿ ಇಂಥವರದೇ ದರ್ಬಾರು. ಕಲ್ಲಿದ್ದಲು ಲಾರಿ ಓಡಿಸುವವರು, ಇಟ್ಟಿಗೆ ಹೊರುವವರು ಎಲ್ಲ ಅಕ್ಕತಂಗಿಯರ ರವಿಕೆ ಕದ್ದು ಕಣ್ಣಿಗೆ ಕಪ್ಪು ಹಚ್ಚಿ ಗಿಟಾರು ಹಿಡಿದಿದ್ದರು. ಅವರಲ್ಲಿ ಎಷ್ಟೋ ಜನ ಗೋಡೆ ಕಟ್ಟುವ ಮೇಸ್ತ್ರಿಗೆ ಮದುಮಗಳ ಸಿಂಗಾರ ಮಾಡಿದಂತೆ ಕಾಣುತ್ತಿದ್ದರು, ಆ ಮಾತು ಬೇರೆ. ಡೆಸ್ಮಂಡ್ ಹಾಗಿರಲಿಲ್ಲ. ಚೆಂದ ಕಾಣುತ್ತಿದ್ದ. ವಿಲ್ಫ್‌ನ ಭಯವೂ ಅದೇ ಆಗಿತ್ತು.

"ಬೋಳಿಸಿದ್ರೆ ತಿಂಗಳುಗಟ್ಟಲೆ ಬರಲ್ಲ ಅದು. ನಾಳೆ ಗಿರಣೀಲಿ ಬೇಯಿಸಿದ ಮೊಟ್ಟೆ ಥರ ಓಡಾಡ್ತೀಯಾ? ಇಡು ಕತ್ತಿ. ಕೂತ್ಕೋ."

ವಿಲ್ಫ್ ಸೋಪಿನ ತುಂಡನ್ನು ತುಸು ನೆನೆಸಿ, ಹುಬ್ಬಿನ ಕೂದಲ ಮೇಲೆ ಒತ್ತಿ ಒತ್ತಿ ಉಜ್ಜಿದ. ಕೂದಲು ಚರ್ಮಕ್ಕೆ ಅಂಟಿ ಮಲಗಿತು. ಒಣಗಿದ ಮೇಲೆ ಇನ್ನೊಂದು ಪದರ. ಅದರ ಮೇಲೆ ಜಿಡ್ಡಿನ ಬಣ್ಣ, ಅದು ಕರಗದಂತೆ ಧಾರಾಳವಾಗಿ ಪೌಡರು. ಹುಬ್ಬು ಮಾಯ! ಆಮೇಲೆ ಒಂದು ಬೆರಳಗಲ ಮೇಲಕ್ಕೆ, ಎಳೆ ಚಂದ್ರನಂಥ ಗೆರೆ ಎಳೆದ.

"ಮಿನುಗು ಪುಡಿ ಯಾವುದ್ರಲ್ಲಿ ಅಂಟಿಸ್ತೀಯ?"

"ಗೋಂದು."

"ಕತ್ತೆ. ಚರ್ಮ ಕಿತ್ಕೊಂಡು ಬರುತ್ತೆ. ವ್ಯಾಸಲೀನ್ ಹಚ್ಚಿ ಅದರ ಮೇಲೆ ಉದುರಿಸು. ಕೆನ್ನೆ ಮೂಳೆ ಮೇಲೆ ಮಾತ್ರ, ಕಣ್ಣೊಳಗೆ ಹೋದ್ರೆ ಗಾಜಿನ ಚೂರಿದ್ದ ಹಾಗೆ."

ಡೆಸ್ಮಂಡ್ ಎದ್ದು ಉಡುಪು ತೊಟ್ಟ. ಜರಿ ಪರದೆ ಬಟ್ಟೆಯ ಪ್ಯಾಂಟು, ತೊಡೆಗೆ ಬಿಗಿದು ಮೊಣಕಾಲ ಕೆಳಗೆ ಗಂಟೆಯಂತೆ ಅಗಲ. ನಾಲ್ಕಂಗುಲ ಕಾರ್ಕ್ ಕೂರಿಸಿ, ಕಾರಿಗೆ ಹೊಡೆಯುವ ಬೆಳ್ಳಿ ಬಣ್ಣ ಹೊಡೆದ ಬೂಟು. ಕೋಟು ಮಾತ್ರ ತಿಳಿ ಗುಲಾಬಿ ಸ್ಯಾಟಿನ್. ಅದು ಸತ್ತುಹೋದ ಹೆಂಡತಿ ಹಿಲ್ಡಾಳ ಮಂಚದ ಹೊದಿಕೆಯೆಂದು ವಿಲ್ಫ್‌ಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳ ಹೊಲಿಗೆ ಯಂತ್ರದಲ್ಲೇ ಮಗ ಹೊಲಿದಿದ್ದ, ಅವಳಷ್ಟೇ ಸಣ್ಣ ಹೊಲಿಗೆ. ವಿಲ್ಫ್ ಕೋಟಿನ ಅಂಚನ್ನು ಬೆರಳಿನಿಂದ ಸವರಿದ.

"ನೋಡು ಮಗ, ಇವತ್ತು ನೀನು ಹಾಡೋದು ನಮ್ಮ ಕಾರ್ಮಿಕರ ಕ್ಲಬ್ಬಲ್ಲಿ. ಭಾನುವಾರ ಮಧ್ಯಾಹ್ನ, ಇನ್ನೂರು ಗಂಡಸರು, ಬಿಯರ್ ಕುಡ್ದಿರ್ತಾರೆ. ಒಂದೇ ಒಂದು ಸಲ ಕಣ್ಣು ಹೊಡಿ ಸಾಕು. ನಾನೂ ನಿಮ್ಮವನೇ, ಇದೆಲ್ಲ ತಮಾಷೆ ಅಂತ."

"ಕಣ್ಣು ಹೊಡೆದ್ರೆ ವೀನಸ್ ಅಲ್ಲೇ ಸತ್ತ ಹಾಗಪ್ಪ. ತಮಾಷೆ ಅಲ್ಲ ಇದು."

"ನನ್ನ ಮಗ ಏಟು ತಿನ್ನೋದು ನಾನು ನೋಡ್ಬೇಕಾ?"

"ವೀನಸ್‌ಗೆ ಅಪ್ಪ ಇಲ್ಲ," ಎಂದ ಡೆಸ್ಮಂಡ್. ಬೇಕೆಂದೇ ಅಂದನೋ, ವೇಷದ ಗುಂಗಿನಲ್ಲಿ ಅಂದನೋ. ವಿಲ್ಫ್‌ಗೆ ಮಾತ್ರ ಚುರುಕ್ಕೆಂದಿತು. ಬಾಗಿಲಲ್ಲಿ ಮಗ ಮತ್ತೆ ನಿಂತ. "ಬರೋದಾದ್ರೆ ಬಾ. ಅವರ ಜೊತೆ ಸೇರ್ಕೊಂಡು ನಗಬೇಡ. ನೀನು ನಕ್ರೆ ನಾನು ಈ ಮನೆಗೆ ವಾಪಸ್ ಬರಲ್ಲ."

ವಿಲ್ಫ್ ಸೋಪಿನ ತುಂಡನ್ನೂ ಪೌಡರ್ ಡಬ್ಬಿಯನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಹಿಂದೆಯೇ ಹೊರಟ. ಹಳೇ ಅಭ್ಯಾಸ.

ಕ್ಲಬ್ಬಿನಲ್ಲಿ ಮೊದಲ ಎರಡು ಹಾಡಿಗೆ ಜನ ಬಿಟ್ಟ ಬಾಯಿ ಮುಚ್ಚಲಿಲ್ಲ. ಮೂರನೆಯದರ ಮಧ್ಯದಲ್ಲಿ ಕಾರ್ಯಕ್ರಮದ ಕಾರ್ಯದರ್ಶಿ ಹೊರೇಸ್ ಬರ್ಟ್‌ವಿಸಲ್ ಎಂದಿನಂತೆ ತನ್ನ ಮೈಕಿನಲ್ಲಿ, "ಮಹನೀಯರೇ, ಪೈ ಬಂದಿದೆ!" ಎಂದು ಸಾರಿದ. ಕುರ್ಚಿಗಳು ಕಿರುಗುಟ್ಟಿದವು, ಅರ್ಧ ಸಭೆ ಮಾಂಸ ತುಂಬಿದ ಕಡುಬಿನಂಥ ಆ ಪೈಗೆ ಸಾಲು ನಿಂತಿತು. ಎಂಥೆಂಥ ಗಾಯಕರೂ ಅಲ್ಲಿ ಪೆಚ್ಚಾಗುತ್ತಿದ್ದರು. ವೀನಸ್ ಡ್ರೇಕ್ ಪೆಚ್ಚಾಗಲಿಲ್ಲ. ಒಂದು ಬೆಳ್ಳಿ ಬೂಟು ಮುಂದಿಟ್ಟು, ಸೊಂಟಕ್ಕೆ ಕೈಕೊಟ್ಟು, ಮನುಷ್ಯರು ಉಣ್ಣುವುದನ್ನು ಮೊದಲ ಸಲ ಕಂಡಂತೆ ನೋಡುತ್ತ ನಿಂತಿತು. ಕೊನೆಯ ಪೈ ಮುಗಿದ ಮೇಲೆ ಹಾಡನ್ನು ನಿಲ್ಲಿಸಿದ ಪದದಿಂದಲೇ ಮತ್ತೆ ಎತ್ತಿಕೊಂಡಿತು. ಭಲೆ ಎಂದುಕೊಂಡ ವಿಲ್ಫ್.

ಆಗ ಗಿಟಾರಿನ ಟ್ರೆವರ್ ಸಗ್ಡನ್ ಹತ್ತಿರ ಬಂದ. ಕಲ್ಲಿದ್ದಲು ಲಾರಿಯ ಆಳು, ಎಮ್ಮೆಯಂಥ ಹೆಗಲು, ಮೈಮೇಲೆ ತಾಯಿಯ ಲೇಸಿನ ರವಿಕೆ. ವೀನಸ್ ಅವನ ಕೊರಳ ಸುತ್ತ ಕೈ ಬಳಸಿ, ಹೆಗಲಿಗೆ ಕೆನ್ನೆ ಒರಗಿಸಿ, ಒಂದೇ ಮೈಕಿನಲ್ಲಿ ಅವನೊಡನೆ ಹಾಡಿತು. ಎಲ್ಲೂ ಕಣ್ಣು ಹೊಡೆಯಲಿಲ್ಲ. ಸಭೆಯಲ್ಲಿ ಲೋಟದ ಸದ್ದೂ ನಿಂತುಹೋಯಿತು.

"ವಿಲ್ಫ್!" ಎಂದು ಹಿಂದಿನಿಂದ ಸ್ಟಾನ್ ಪಿಕಲ್ಸ್ ಕೂಗಿದ. "ಇದು ನಿನ್ನ ಮಗನೋ, ಮಗಳೋ?"

ನಗೆ ಉಕ್ಕಿತು. ಇನ್ನೂರು ಮುಖ ವಿಲ್ಫ್ ಕಡೆ ತಿರುಗಿತು. ಹಾಡು ತಡವರಿಸಿ ನಿಂತಿತು. ವಿಲ್ಫ್‌ನ ಉತ್ತರ ನಾಲಿಗೆ ತುದಿಯಲ್ಲೇ ಇತ್ತು: ಊಟಕ್ಕೆ ಕೂತಾಗ ಇಬ್ಬರೂ ಹೌದು ಕಣೋ. ಒಳ್ಳೆಯ ಉತ್ತರ. ಅಂದುಬಿಟ್ಟರೆ ಸಭೆ ಬಿದ್ದು ಬಿದ್ದು ನಗುತ್ತದೆ, ಮಗನಿಗೆ ಏಟು ಬೀಳುವುದಿಲ್ಲ, ಎಲ್ಲ ಸಲೀಸು. ಮತ್ತು ವೀನಸ್ ಡ್ರೇಕ್‌ನ ಲಂಗದ ಕೆಳಗೆ ದಪ್ಪ ಬೂಟು ಕಂಡಂತಾಗುತ್ತದೆ.

ಅವನಿಗೆ ಹಿಲ್ಡಾಳ ನೆನಪಾಯಿತು. ಒಂದು ಚಳಿಗಾಲ ಬಣ್ಣದ ಕೋಣೆಯಲ್ಲಿ, ಅಡುಗೆಯವಳ ಕೆಂಪು ಮೂಗು ಅಂಟಿಸುವ ಮುಂಚೆ, ಅವಳು ಕನ್ನಡಿಯಲ್ಲಿ ಅವನನ್ನು ನೋಡಿ, "ಎಷ್ಟು ಚೆನ್ನಾಗಿ ಕಾಣ್ತೀಯ ವಿಲ್ಫ್. ಇವತ್ತೊಂದಿನ ಮೂಗು ಬೇಡ," ಅಂದಿದ್ದಳು. ಅವನಿಗೂ ಹಾಗೇ ಅನ್ನಿಸಿತ್ತು. ಆದರೂ ಹೆದರಿ ಮೂಗು ಅಂಟಿಸಿಕೊಂಡಿದ್ದ.

ವೇದಿಕೆಯ ಮೇಲೆ ದೀಪದ ಕಾವಿಗೆ ವೀನಸ್‌ನ ಎಡ ಹುಬ್ಬಿನ ಮೇಲಿನ ಸೋಪು ಬೆವರಿ ನೊರೆಯಾಗಿ ಇಳಿಯುತ್ತಿತ್ತು. ಒಳಗಿನಿಂದ ಡೆಸ್ಮಂಡನ ಹುಬ್ಬು ಎದ್ದು ನಿಂತಿತ್ತು, ಥೇಟ್ ಅವನ ತಾಯಿಯದು. ಆ ಕಣ್ಣು ಅಪ್ಪನನ್ನೇ ನೋಡುತ್ತಿತ್ತು.

ವಿಲ್ಫ್ ಎದ್ದ. "ಅದು ವೀನಸ್ ಡ್ರೇಕ್ ಕಣೋ ಸ್ಟಾನ್," ಎಂದ. ಜನ ಅವನು ಕಣ್ಣು ಹೊಡೆಯುವುದನ್ನೇ ಕಾದರು. ಅವನು ಹೊಡೆಯಲಿಲ್ಲ. ಮೇಜುಗಳ ನಡುವೆ ನಡೆದು ವೇದಿಕೆ ಹತ್ತಿದ, ಜೇಬಿನಿಂದ ಸೋಪು, ಪೌಡರು ತೆಗೆದ, ಯಾರದೋ ಲೋಟದ ಬಿಯರಿನಲ್ಲಿ ಸೋಪು ಅದ್ದಿದ. ವೀನಸ್ ಎತ್ತರದ ಬೂಟಿನಿಂದ ಬಾಗಿ ಮುಖ ಕೊಟ್ಟಿತು. ಇನ್ನೂರು ಗಂಡಸರೆದುರು ವಿಲ್ಫ್ ಆ ಹುಬ್ಬನ್ನು ಸಾವಕಾಶವಾಗಿ ಒತ್ತಿ ಮಲಗಿಸಿ, ಊದಿ ಆರಿಸಿ, ಪೌಡರು ತಟ್ಟಿದ. ಅವನು ವೇದಿಕೆಯ ಮೇಲಿದ್ದು ಯಾರೂ ನಗದೆ ಉಳಿದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

"ಅಪ್ಪಾ..." ಎಂದು ಮಗ ಪಿಸುಗುಟ್ಟಿದ. ಕಣ್ಣು ತುಂಬಿತ್ತು.

"ಅಳಬೇಡ, ಕಪ್ಪು ಇಳಿಯುತ್ತೆ," ಎಂದ ವಿಲ್ಫ್. "ವೀನಸ್‌ಗೆ ಅಪ್ಪ ಇಲ್ಲ. ಹಾಡು."